ಬಾಟ್ ಆಡಬೇಕಾದ ಮೊದಲ ವಾಕ್ಯ

ಬ್ಯಾಂಕಿನ ಗ್ರಾಹಕರ ದೂರುಗಳಿಗೆ ಕನ್ನಡದಲ್ಲಿ ಉತ್ತರ ಕೊಡತಕ್ಕ ಬಾಟ್ ಒಂದನ್ನು ಸಿದ್ಧಪಡಿಸುವ ಕೆಲಸಕ್ಕೆ ಮುಂದೆ ಯಾರಾದರೂ ಕೈಹಾಕುವುದಾದರೆ, ಅವರು ಅದಕ್ಕೆ ನಿಯಮಾವಳಿಯನ್ನೂ ದಾಖಲೆಗಳನ್ನೂ ಒಪ್ಪಿಸುವುದಕ್ಕೆ ಮೊದಲು, ಸಿಟ್ಟಿನಿಂದ ಕೂಗುತ್ತಿರುವವನಿಗೂ ದಿಕ್ಕುತೋಚದೆ ನಿಂತಿರುವವಳಿಗೂ ಅದು ಆಡಬೇಕಾದ ಮೊದಲ ವಾಕ್ಯ ಯಾವುದೆಂಬುದನ್ನು ನಿಶ್ಚಯಿಸಿಕೊಳ್ಳಲಿ ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ. ಆ ಒಂದು ವಾಕ್ಯದ ಸಲುವಾಗಿ ನಾನು ನಡೆಸಬೇಕಾಗಿ ಬಂದ ವಾದ, ಆ ವಾದದಲ್ಲಿ ಕೇಳಿಸಿಕೊಂಡ ಮಾತು, ಕಡೆಗೆ ಯಾವ ತಪ್ಪನ್ನೂ ಮಾಡದ ಒಬ್ಬ ಮನುಷ್ಯನ ಸಂಕಟದಿಂದ ಅದಕ್ಕೆ ದೊರೆತ ಸಮರ್ಥನೆ, ಇವು ಯಾವುವೂ ನನ್ನ ಮನಸ್ಸಿನಿಂದ ಇನ್ನೂ ಇಳಿದಿಲ್ಲ.

ಬಾಟ್‌ಗಳ ಕಾಲಕ್ಕೆ ಬಹಳ ಹಿಂದೆ, ದೂರು ವಿಭಾಗದ ದೂರವಾಣಿಯ ಮುಂದೆ ಕುಳಿತು ದಿನವಿಡೀ ಬೈಗುಳವನ್ನೂ ಅಳುವನ್ನೂ ಕೇಳುವುದೇ ನನ್ನ ಉದ್ಯೋಗವಾಗಿದ್ದಿತು. ನನಗೆ ಆ ಕೆಲಸವನ್ನು ಕಲಿಸಿದ ಹಿರಿಯರು ಮೊದಲ ವಾರದಲ್ಲಿಯೇ ಒಂದು ಮಾತು ಹೇಳಿದ್ದರು: "ಮೊದಲು ಅವರ ಮೊತ್ತವನ್ನು ಅವರಿಗೇ ಹೇಳಮ್ಮಾ, ಆಮೇಲೆ ಮಿಕ್ಕದ್ದು." ಕರೆ ಮಾಡಿದವರು ಎಷ್ಟೇ ಗಟ್ಟಿಯಾಗಿ ಮಾತನಾಡುತ್ತಿರಲಿ, ನಡುವೆ ಬಾಯಿಹಾಕದೆ, ಅವರ ಮಾತಿನಲ್ಲಿ ಬಂದ ಮೊತ್ತ, ವೇಳೆ, ಆ ಹಣ ಯಾವುದಕ್ಕೆ ಬೇಕಾಗಿತ್ತೆಂಬುದು, ಇಷ್ಟನ್ನು ಕಾಗದದಲ್ಲಿ ಗೀಚಿಕೊಂಡು, ಅವರು ಉಸಿರು ತೆಗೆದುಕೊಂಡಾಗ ಆ ಮೂರನ್ನೇ ಶಾಂತಸ್ವರದಲ್ಲಿ ತಿರುಗಿ ಹೇಳಿದರೆ, ಧ್ವನಿ ಇಳಿಯುವುದನ್ನು ನಾನು ಎಷ್ಟೋ ಸಲ ಕಿವಿಯಾರೆ ಕೇಳಿದ್ದೇನೆ. ಅವರ ಕಷ್ಟ ಆಗ ಪರಿಹಾರವಾಗಿರುತ್ತಿರಲಿಲ್ಲ; ತಮ್ಮ ಮಾತು ಇನ್ನೊಬ್ಬರಿಗೆ ಸರಿಯಾಗಿ ತಲುಪಿತೆಂಬ ಖಾತ್ರಿಯೊಂದು ದೊರೆತಿರುತ್ತಿತ್ತು, ಆ ಖಾತ್ರಿಯಾದ ಮೇಲೆಯೇ ಅವರು ನಾನು ಹೇಳುವುದನ್ನು ಕೇಳುವುದಕ್ಕೆ ಸಿದ್ಧರಾಗುತ್ತಿದ್ದರು. ಬ್ಯಾಂಕಿನವರು ಭಾಷಾ ಮಾದರಿಯೊಂದನ್ನು ತಂದು ಕನ್ನಡದ ಬಾಟ್ ಮಾಡಹೊರಟಾಗ, ಅದಕ್ಕೆ ಮಾದರಿ ಸಂಭಾಷಣೆಗಳನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದುದರಿಂದ, ಈ ಕ್ರಮವನ್ನೇ ನಾನು ಅದರಲ್ಲಿ ಇಳಿಸಿದೆ.

ಆ ಯೋಜನೆಯ ಮೇಲಧಿಕಾರಿಗಳಿಗೆ ಅದು ಹಿಡಿಸಲಿಲ್ಲ. ಸಂಭಾಷಣೆಯೊಂದು ಎಷ್ಟು ಕಡಿಮೆ ಸಂದೇಶಗಳಲ್ಲಿ ಮುಗಿಯುತ್ತದೆಯೋ ಅಷ್ಟು ಬಾಟ್ ಉತ್ತಮವಾದದ್ದೆಂಬುದು ಅವರ ಸಿದ್ಧಾಂತ. ಮುಗಿಯಿತೆಂಬುದಕ್ಕೆ ಅವರು ಇಟ್ಟುಕೊಂಡಿದ್ದ ಲಕ್ಷಣವೋ, ಗ್ರಾಹಕನಿಂದ ಕೆಲವು ನಿಮಿಷ ಮತ್ತೆ ಸಂದೇಶ ಬಾರದಿರುವುದು. "ಜನಕ್ಕೆ ಬೇಕಾದ್ದು ಪರಿಹಾರ, ಮೇಡಂ. ಸಂತಾಪ ಸೂಚಕ ಸಭೆ ಅಲ್ಲ" ಎಂದು ಹತ್ತು ಜನರ ಮುಂದೆ ಹೇಳಿ, ನಾನು ಬರೆದಿದ್ದ ಮಾದರಿಗಳ ಮೊದಲ ವಾಕ್ಯಗಳನ್ನೆಲ್ಲ ತೆಗೆಸಿಹಾಕಿದರು. ತೆಗೆದ ಜಾಗದಲ್ಲಿ ಬಂದದ್ದು ದೂರಿನ ವರ್ಗವನ್ನು ಆರಿಸಿಕೊಳ್ಳಿರೆಂಬ ಪಟ್ಟಿ, ಅದರ ಕೆಳಗೆ ವ್ಯವಹಾರದ 12 ಅಂಕಿಯ ಯುಟಿಆರ್ ಸಂಖ್ಯೆಯನ್ನು ಕಳುಹಿಸಿರೆಂಬ ಸೂಚನೆ. ಬಾಟ್ ಆ ರೂಪದಲ್ಲಿಯೇ ಜನರ ಬಳಕೆಗೆ ಬಂದಿತು.

ಬಂದ ಮೇಲಿನ ಒಂದು ರಾತ್ರಿಯ ಸಂಭಾಷಣೆಯನ್ನು ನಾನು ಮಾರನೆಯ ಬೆಳಿಗ್ಗೆ ದಾಖಲೆಯಲ್ಲಿ ಓದಿದೆ. ಓದುವ ಮೊದಲೇ ಅದರ ನೆತ್ತಿಯ ಮೇಲೆ ಹಸುರು ಬಣ್ಣದಲ್ಲಿ 'ಪರಿಹರಿಸಲಾಗಿದೆ' ಎಂಬ ಗುರುತಿದ್ದಿತು.

ಒಂದು ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯ ಕೌಂಟರಿನ ಮುಂದೆ ನಿಂತ ಮಗನೊಬ್ಬ, ರಾತ್ರಿ ಹನ್ನೊಂದೂವರೆಯ ಸುಮಾರಿಗೆ, ಎದೆನೋವಿನಿಂದ ಬಳಲುತ್ತಿದ್ದ ತಾಯಿಯನ್ನು ದಾಖಲು ಮಾಡುವುದಕ್ಕೆ ಮುಂಗಡವಾಗಿ ₹18,000ವನ್ನು ಯುಪಿಐ ಮೂಲಕ ಕಳುಹಿಸಿದ್ದ. ಹಣ ಆತನ ಖಾತೆಯಿಂದ ಹೋಗಿದೆ; ಕೌಂಟರಿನ ಪೆಟ್ಟಿಗೆ ಮಾತ್ರ ಹಣ ಬಂದಿತೆಂದು ಕೂಗಿಲ್ಲ. ಆತ ಬರೆದ ಮೊದಲ ಸಂದೇಶ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ: "ಹದಿನೆಂಟು ಸಾವಿರ ಕಟ್ ಆಗಿದೆ. ಆಸ್ಪತ್ರೆಯವರು ಬಂದಿಲ್ಲ ಅಂತಾರೆ. ಅಮ್ಮನ್ನ ಇನ್ನೂ ಹೊರಗೇ ಕೂರಿಸಿದಾರೆ." ಇದಕ್ಕೆ ಬಾಟ್, ಸಂಪರ್ಕಿಸಿದ್ದಕ್ಕಾಗಿ ಧನ್ಯವಾದ ಹೇಳಿ, ದೂರಿನ ವರ್ಗಗಳ ಪಟ್ಟಿಯನ್ನು ಮುಂದಿಟ್ಟಿತು. ಆತ ಪಟ್ಟಿಯನ್ನು ಮುಟ್ಟಲಿಲ್ಲ, ಅದೇ ಮಾತನ್ನು ಮತ್ತೊಮ್ಮೆ, ಈ ಸಲ ಇನ್ನೂ ಚಿಕ್ಕದಾಗಿ ಬರೆದ: "ದುಡ್ಡು ಹೋಗಿದೆ. ಅವರಿಗೆ ಬಂದಿಲ್ಲ. ಅಮ್ಮ ಹೊರಗಿದಾರೆ." ಬಾಟ್ ಯುಟಿಆರ್ ಸಂಖ್ಯೆಯನ್ನು ಕೇಳಿತು. ತಾಯಿಯ ಪಕ್ಕದಲ್ಲಿ ನಿಂತು, ಒಂದು ಕೈಯಲ್ಲಿ ಆಕೆಯ ಹೆಗಲನ್ನೂ ಒಂದು ಕೈಯಲ್ಲಿ ಫೋನನ್ನೂ ಹಿಡಿದಿದ್ದ ಆತ, ಆ ಸಂಖ್ಯೆಯನ್ನು ಎಲ್ಲಿ ಹುಡುಕಬೇಕೆಂದು ತಿಳಿಯದೆ, ಬ್ಯಾಂಕಿನಿಂದ ಬಂದ ಎಸ್ಸೆಮ್ಮೆಸ್ಸನ್ನೇ ಇಡಿಯಾಗಿ ತಂದು ಅಂಟಿಸಿದ. ಅದರಲ್ಲಿ ಆ ಸಂಖ್ಯೆಯೂ ಇದ್ದಿತು. ಆದರೆ ಸುತ್ತ ಬೇರೆ ಅಕ್ಷರಗಳಿದ್ದುದರಿಂದ, ಕಳುಹಿಸಿದ ಸಂಖ್ಯೆ ಸರಿಯಾದ ರೂಪದಲ್ಲಿಲ್ಲವೆಂದು ಬಾಟ್ ತಿಳಿಸಿ, ಮತ್ತೊಮ್ಮೆ ಪ್ರಯತ್ನಿಸುವಂತೆ ಕೋರಿತು.

ಆಮೇಲೆ ಆತ ಬರೆದದ್ದು ಇದು: "ಬಹಳ ಉಪಕಾರ ಆಯ್ತು ಸ್ವಾಮಿ. ನಿಮ್ಮನೇಲಿ ಯಾರೂ ತಾಯಿ ಅನ್ನೋರು ಇಲ್ವಾ?" ಈ ಸಂದೇಶದ ಮೊದಲ ಮಾತನ್ನು ಬಾಟ್ ಕೃತಜ್ಞತೆಯೆಂದು ತಿಳಿದುಕೊಂಡಿತು. ನಿಮಗೆ ಸಹಾಯವಾದದ್ದು ಸಂತೋಷವೆಂದು ಹೇಳಿ, ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುವಿರೆಂದು ಕೇಳಿತು. ಅದರ ಕೆಳಗೆ ಏನೂ ಇಲ್ಲ. ಆತ ಮತ್ತೆ ಬರೆಯಲಿಲ್ಲವಾದ್ದರಿಂದ, ನಿಗದಿಯಾದ ಅವಧಿ ಕಳೆದ ಮೇಲೆ, ಈ ದೂರು ಪರಿಹಾರವಾದುದೆಂದು ಲೆಕ್ಕಕ್ಕೆ ಸೇರಿ, ಮೇಲಧಿಕಾರಿಗಳ ಆ ವಾರದ ಅಂಕಿಅಂಶಗಳಲ್ಲಿ ಶೀಘ್ರವಾಗಿ ಮುಗಿದ ಸಂಭಾಷಣೆಗಳ ಸಾಲಿಗೆ ಹೋಯಿತು.

ಇದರಲ್ಲಿ ನನ್ನನ್ನು ಅತ್ಯಂತ ಕುದಿಸಿದ ಸಂಗತಿಯೆಂದರೆ, ಬಾಟ್‌ಗೆ ಯಾವುದೂ ತಿಳಿಯದೆ ಇರಲಿಲ್ಲ. ಗ್ರಾಹಕ ಬ್ಯಾಂಕಿನ ಆ್ಯಪ್‌ನ ಒಳಗಿನಿಂದಲೇ ಬರೆದುದರಿಂದ, ಆತನ ಕಡೆಯ ವ್ಯವಹಾರ, ಮೊತ್ತ, ವೇಳೆ, ಪಡೆಯಬೇಕಾದವರ ಹೆಸರು, ಆ 12 ಅಂಕಿ, ಎಲ್ಲವೂ ಅದರ ಕೈಯಳತೆಯಲ್ಲಿದ್ದವು. ತನ್ನಲ್ಲಿಯೇ ಇರುವುದನ್ನು ಸಂಕಟದಲ್ಲಿರುವವನಿಂದ ಕೇಳುವುದು ಅವನಿಗೆ ಉದಾಸೀನಕ್ಕಿಂತ ಹೆಚ್ಚಾಗಿ ಅವಮಾನದಂತೆ ತೋರುತ್ತದೆ. ನಾನು ಒತ್ತಾಯಿಸಿದ ಮೇಲೆ ಆತನಿಗೆ ಫೋನ್ ಮಾಡುವುದಕ್ಕೆ ಅನುಮತಿ ದೊರೆಯಿತು. ಸೋದರಮಾವನೊಬ್ಬರು ನಗದು ತಂದುಕೊಟ್ಟು ತಾಯಿಯನ್ನು ಆ ರಾತ್ರಿಯೇ ಸೇರಿಸಿದ್ದರೆಂದೂ, ಆಕೆ ಚೇತರಿಸಿಕೊಳ್ಳುತ್ತಿರುವರೆಂದೂ ಹೇಳಿದ ಆತ, ಸ್ವಲ್ಪ ಹೊತ್ತು ಸುಮ್ಮನಿದ್ದು, "ದುಡ್ಡು ಬರುತ್ತೆ ಅಂತ ಗೊತ್ತಿತ್ತು ಮೇಡಂ. ಆದ್ರೆ ನಾನು ಹೇಳಿದ್ದು ಅದಕ್ಕೆ ಕೇಳಿಸಿದೆ ಅಂತ ಒಂದು ಸಲವಾದ್ರೂ ಅನ್ನಿಸಬೇಕಿತ್ತು" ಎಂದ. ಈ ಮಾತನ್ನು ಬರೆದುಕೊಂಡು ನಾನು ಮೇಲಧಿಕಾರಿಗಳ ಮೇಜಿನ ಮೇಲಿಟ್ಟೆ. ಒಂದು ಉದಾಹರಣೆಯಿಂದ ನೀತಿ ಬದಲಾಗುವುದಿಲ್ಲವೆಂದರು. ಅಂಥವೇ ಇನ್ನಷ್ಟನ್ನು ಹಸುರು ಗುರುತಿನ ಅಡಿಯಿಂದ ಹೆಕ್ಕಿ ತಂದಿಟ್ಟ ಮೇಲೆ, ಅವರಿಗಿಂತ ಮೇಲಿನವರು ಅದನ್ನು ನೋಡಿದ ಮೇಲೆ, ಕೆಲಸ ಮೊದಲಿನಿಂದ ಪ್ರಾರಂಭವಾಯಿತು.

ಈಗ ಆ ವಾಕ್ಯದ ವಿಷಯ. ಎಂಜಿನಿಯರ್ ಹುಡುಗರು ಒಳ್ಳೆಯವರು. ಅವರು ಬಾಟ್‌ನ ಆದೇಶಪತ್ರದಲ್ಲಿ, ಗ್ರಾಹಕರೊಂದಿಗೆ ಸಹಾನುಭೂತಿಯಿಂದ ವರ್ತಿಸತಕ್ಕದ್ದೆಂದು ಒಂದು ಸಾಲನ್ನು ಸೇರಿಸಿದರು. ಒಡನೆಯೇ ಬಾಟ್ ಎಲ್ಲರಿಗೂ 'ನಿಮಗೆ ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ' ಎಂದು ಹೇಳತೊಡಗಿತು. ನಿಲ್ದಾಣದಲ್ಲಿ ರೈಲು ತಡವಾದಾಗ ಕೇಳಿಬರುವ ಈ ಮಾತನ್ನು ತುರ್ತು ಚಿಕಿತ್ಸೆಯ ಬಾಗಿಲಲ್ಲಿ ನಿಂತವನಿಗೆ ಹೇಳಿದರೆ, ಏನೂ ಹೇಳದಿರುವುದಕ್ಕಿಂತ ಅದು ಕೆಟ್ಟದ್ದು. ಸಹಾನುಭೂತಿಯನ್ನು ಇನ್ನೂ ಹೆಚ್ಚಿಸಿರೆಂದು ಬರೆದಾಗ, ಅದು ಮೂರು ನಾಲ್ಕು ವಾಕ್ಯಗಳಷ್ಟು ಮರುಗಿ, ತನಗೂ ಬಹಳ ನೋವಾಗುತ್ತಿದೆಯೆಂದು ಹೇಳಿಕೊಂಡಿತು. ಯಂತ್ರಕ್ಕೆ ನೋವಾಗುವುದಿಲ್ಲವೆಂಬುದು ಓದುವವನಿಗೆ ತಿಳಿದಿದೆ; ಆದುದರಿಂದ ಅದರ ಮುಂದಿನ ನಿಜವಾದ ಮಾತನ್ನೂ ಅವನು ನಂಬಲಾರ. ಅದಲ್ಲದೆ, ಚಿಕ್ಕ ಫೋನಿನ ಪರದೆಯಲ್ಲಿ ಈ ಮರುಕವೇ ತುಂಬಿಕೊಂಡು, ಅವನು ಮಾಡಬೇಕಾದ ಕೆಲಸ ಕೆಳಗೆಲ್ಲೋ ಕಾಣದಂತೆ ಹೋಗುತ್ತಿದ್ದಿತು.

ಗುಣವನ್ನು ಹೆಸರಿಸಿದರೆ ಭಾಷಾ ಮಾದರಿ ಆ ಗುಣದ ವಿಶೇಷಣಗಳನ್ನು ಮಾತ್ರ ಸುರಿಯುತ್ತದೆ, ವಾಕ್ಯದ ಆಕಾರವನ್ನು ತೋರಿಸಿದರೆ ಆ ಆಕಾರವನ್ನು ಅನುಸರಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಆದುದರಿಂದ ಆದೇಶದಲ್ಲಿದ್ದ ಸಹಾನುಭೂತಿ ಎಂಬ ಪದವನ್ನು ತೆಗೆದು, ನನ್ನ ಹಿರಿಯರು ಹೇಳಿಕೊಟ್ಟಿದ್ದನ್ನೇ ನಿಯಮವಾಗಿ ಬರೆದೆವು: ಗ್ರಾಹಕನ ಮಾತಿನಲ್ಲಿ ಕೋಪವೋ ಕಳವಳವೋ ಕಂಡರೆ, ಮೊದಲ ವಾಕ್ಯದಲ್ಲಿ ಆತ ಹೇಳಿದ ಸಂಗತಿಯನ್ನೂ ಅದರಿಂದ ಆತನಿಗೆ ಒದಗಿದ ಕಷ್ಟವನ್ನೂ ತಿರುಗಿ ಹೇಳು, ಆ ವಾಕ್ಯ ಒಂದೇ ಇರಲಿ, ಅದರಲ್ಲಿ ಪ್ರಶ್ನೆ ಬೇಡ, ನಿನ್ನ ಭಾವನೆಯ ಮಾತು ಬೇಡ, ಶಾಂತರಾಗಿರೆಂಬ ಉಪದೇಶ ಬೇಡ, ಎರಡನೆಯ ವಾಕ್ಯದಲ್ಲಿ ದಾಖಲೆ ಏನು ಹೇಳುತ್ತದೆಂಬುದನ್ನೂ, ಮೂರನೆಯದರಲ್ಲಿ ಆತ ಈ ಕ್ಷಣ ಮಾಡಬಹುದಾದ ಒಂದು ಕೆಲಸವನ್ನೂ ತಿಳಿಸು. ಇದರ ಜೊತೆಗೆ ಇಂಥ ಮಾದರಿ ಉತ್ತರಗಳನ್ನು ನೂರಾರು ಸಂಖ್ಯೆಯಲ್ಲಿ ಬರೆದು ಭಾಷಾ ಮಾದರಿಯ ತರಬೇತಿಗೆ ಕೊಟ್ಟೆವು. ಆ ರಾತ್ರಿಯ ಮಗನಿಗೆ ಸಲ್ಲಬೇಕಾಗಿದ್ದ ಉತ್ತರವನ್ನು ನಾನು ಹೀಗೆ ಬರೆದೆ:

"ತಾಯಿಯವರನ್ನು ಆಸ್ಪತ್ರೆಗೆ ಸೇರಿಸಬೇಕಾದ ಹೊತ್ತಿನಲ್ಲಿ ನಿಮ್ಮ ಖಾತೆಯಿಂದ ₹18,000 ಹೋಗಿಯೂ ಕೌಂಟರಿಗೆ ತಲುಪಿಲ್ಲ, ಅವರು ಇನ್ನೂ ಹೊರಗೆ ಕಾಯುವಂತಾಗಿದೆ. ರಾತ್ರಿ 11:32ರ ಈ ಪಾವತಿ ನಮ್ಮ ದಾಖಲೆಯಲ್ಲಿ 'ಪೆಂಡಿಂಗ್' ಎಂದಿದೆ; ಹಣ ಆಸ್ಪತ್ರೆಯ ಖಾತೆಗೆ ಸೇರುತ್ತದೆ, ಇಲ್ಲವಾದರೆ ನಿಮ್ಮ ಖಾತೆಗೆ ಹಿಂತಿರುಗುತ್ತದೆ. ಇದರ ಯುಟಿಆರ್ ಸಂಖ್ಯೆ ಕೆಳಗಿದೆ, ಅದನ್ನು ಕೌಂಟರಿನವರಿಗೆ ತೋರಿಸಿ. ನಮ್ಮ ಸಿಬ್ಬಂದಿಯೊಬ್ಬರು ಈಗಲೇ ನಿಮಗೆ ಕರೆ ಮಾಡಲೇ?"

ಇದರಲ್ಲಿ ಕ್ಷಮೆ ಎಂಬ ಮಾತೂ ಇಲ್ಲ, ವಿಷಾದ ಎಂಬ ಮಾತೂ ಇಲ್ಲವೆಂಬುದನ್ನು ಕೆಲವರು ಆಕ್ಷೇಪಿಸಿದರು. ಆದರೆ ಮೊದಲ ವಾಕ್ಯವನ್ನು ಓದಿದ ಆ ಮಗನಿಗೆ, ತಾಯಿ ಹೊರಗೆ ಕುಳಿತಿರುವುದು ಇನ್ನೊಂದು ಕಡೆಗೆ ತಿಳಿಯಿತೆಂಬುದು ಸಂದೇಹವಿಲ್ಲದೆ ಗೊತ್ತಾಗುತ್ತದೆ. ಈ ಬಗೆಯ ವಾಕ್ಯವನ್ನು ಪರೀಕ್ಷಿಸುವುದಕ್ಕೆ ನಾವು ಬಳಸಿದ ಉಪಾಯ ಸರಳವಾದುದು: ಉತ್ತರದಿಂದ ಮೊದಲ ವಾಕ್ಯವನ್ನು ಕಿತ್ತು, ಬೇರೊಬ್ಬನ ಬೇರೊಂದು ದೂರಿನ ಕೆಳಗೆ ಅಂಟಿಸಿ ನೋಡುವುದು. ಎಟಿಎಂನಲ್ಲಿ ಕಾರ್ಡು ಸಿಕ್ಕಿಹಾಕಿಕೊಂಡವನಿಗೂ ಪಿಂಚಣಿ ಬಾರದ ಮುದುಕರಿಗೂ ಅದು ಹಾಗೆಯೇ ಒಪ್ಪುವುದಾದರೆ, ಆ ವಾಕ್ಯ ಯಾರನ್ನೂ ಕೇಳಿಸಿಕೊಂಡುದಲ್ಲ, ಅದನ್ನು ಹೊರಗಿಡಬೇಕು.

ಸಮಾಧಾನದ ಮಾತು ಕಲಿತ ಬಾಟ್‌ನಿಂದ ಬರುವ ದೊಡ್ಡ ಅಪಾಯವೆಂದರೆ ಅದು ಮಾತು ಕೊಡತೊಡಗುವುದು. ಮರುಕದ ದಾರಿಯಲ್ಲಿ ಎರಡು ಹೆಜ್ಜೆ ಇಟ್ಟ ಭಾಷೆ ತಾನಾಗಿಯೇ ಭರವಸೆಯ ಕಡೆಗೆ ಜಾರುತ್ತದೆ. ಚಿಂತಿಸಬೇಡಿ, ನಾಳೆಯೊಳಗೆ ಹಣ ಬಂದೇ ಬರುತ್ತದೆ ಎಂದುಬಿಡುತ್ತದೆ. ಭಾರತೀಯ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಕಳುಹಿಸಿದ ಹಣ ಅಲ್ಲಿ ಜಮೆಯಾಗದಿದ್ದರೆ, ವ್ಯವಹಾರ ನಡೆದ ದಿನದ ಮಾರನೆಯ ದಿನದೊಳಗೆ ಅದು ಹಿಂತಿರುಗಬೇಕು; ಅಂಗಡಿ ಮೊದಲಾದ ವ್ಯಾಪಾರಸ್ಥಳದಲ್ಲಿ ಮಾಡಿದ ಪಾವತಿಗೆ ಅಲ್ಲಿ ದೃಢೀಕರಣ ದೊರೆಯದೆ ಹೋದರೆ ಐದು ದಿನಗಳವರೆಗೆ ಅವಕಾಶ; ಅವಧಿ ಮೀರಿದರೆ ದಿನಕ್ಕೆ ₹100ರಂತೆ ಗ್ರಾಹಕನಿಗೆ ಪರಿಹಾರ ಕೊಡಬೇಕು. ಆಸ್ಪತ್ರೆಯ ಕೌಂಟರ್ ಎರಡನೆಯ ವರ್ಗಕ್ಕೆ ಸೇರಿದ್ದು. ನಾಳೆಯೇ ಬರುತ್ತದೆಂದು ಸಂತೈಸಿಕೊಂಡವನು ನಾಡಿದ್ದು ಮತ್ತೆ ಬಂದಾಗ ಅವನ ಕೋಪ ಇಮ್ಮಡಿಯಾಗಿರುತ್ತದೆ, ಅದೂ ನ್ಯಾಯವಾಗಿ. ಆದುದರಿಂದ ಅವಧಿಯ ಮಾತು ಬಾಟ್‌ನ ಬಾಯಿಂದ ಸ್ವತಂತ್ರವಾಗಿ ಬಾರದಂತೆ, ವ್ಯವಹಾರದ ವರ್ಗವನ್ನು ನೋಡಿ ನಿಯಮದ ಪಟ್ಟಿಯಿಂದಲೇ ಬರುವಂತೆ ಕಟ್ಟುಮಾಡಿದೆವು. ಕೌಂಟರಿನಲ್ಲಿ ನಗದು ಕೊಟ್ಟು ಕೆಲಸ ಮುಗಿಸಿದವರಿಗೆ, ಮೊದಲಿನ ಹಣವೂ ಆಮೇಲೆ ಆಸ್ಪತ್ರೆಗೆ ಸೇರಬಹುದಾದ್ದರಿಂದ ರಸೀದಿಯನ್ನು ಇಟ್ಟುಕೊಂಡು ಅಲ್ಲಿಂದಲೇ ಹಿಂದಕ್ಕೆ ಕೇಳಬೇಕಾಗಬಹುದೆಂಬ ಸಂಗತಿಯನ್ನು ತಿಳಿಸುವುದೂ ಬಾಟ್‌ನ ಎರಡನೆಯ ಸಂದೇಶಕ್ಕೆ ಸೇರಿಕೊಂಡಿತು.

ತರ್ಕಶಾಸ್ತ್ರದವರು ಲಕ್ಷಣಕ್ಕೆ ಹೇಳುವ ದೋಷಗಳಲ್ಲಿ ಎರಡು, ಅತಿವ್ಯಾಪ್ತಿಯೂ ಅವ್ಯಾಪ್ತಿಯೂ, ಇಲ್ಲಿಯೂ ತಪ್ಪದೆ ಬಂದವು. ಮಾದರಿಗಳೆಲ್ಲ ಸಂಕಟದಲ್ಲಿದ್ದವರವೇ ಆದುದರಿಂದ, ಎರಡನೆಯ ಶನಿವಾರ ಶಾಖೆ ತೆರೆದಿರುತ್ತದೆಯೇ ಎಂದು ಕೇಳಿದವರಿಗೂ ಬಾಟ್ ನಿಮ್ಮ ಕಷ್ಟ ತಿಳಿಯಿತೆಂದು ಹೇಳಿತು. ಇದಕ್ಕೆ ಮದ್ದು ನಿಯಮವಲ್ಲ, ಪ್ರತಿಮಾದರಿ: ಒಂದೇ ದೂರನ್ನು ಶಾಂತವಾಗಿ ಕೇಳಿದವನ, ಬೈದು ಕೇಳಿದವನ, ಅಳುತ್ತ ಕೇಳಿದವಳ, ವ್ಯಂಗ್ಯವಾಗಿ ಕೇಳಿದವನ ನಾಲ್ಕು ರೂಪಗಳಲ್ಲಿ ಬರೆದು, ಶಾಂತವಾಗಿ ಕೇಳಿದವನಿಗೆ ನೇರವಾದ ಉತ್ತರವನ್ನೇ ಕೊಡುವುದನ್ನು ತೋರಿಸಬೇಕು. ಮೊದಲ ವಾಕ್ಯ ಯಾವಾಗ ಬೇಡವೆಂಬುದನ್ನು ಕಲಿಸದೆ ಯಾವಾಗ ಬೇಕೆಂಬುದು ಅದಕ್ಕೆ ಹತ್ತುವುದಿಲ್ಲ.

ಅವ್ಯಾಪ್ತಿ ಇದಕ್ಕಿಂತ ಕಷ್ಟದ್ದು. ಬೈಗುಳದ ಪದಗಳ ಪಟ್ಟಿಯಿಂದ ಕೋಪವನ್ನು ಕಂಡುಹಿಡಿಯಹೊರಟವರಿಗೆ ನಮ್ಮ ಜನರ ಕೋಪ ಕಾಣುವುದೇ ಇಲ್ಲ. ಕೋಪ ಹೆಚ್ಚಿದಂತೆಲ್ಲ ಮರ್ಯಾದೆಯ ಮಾತೂ ಹೆಚ್ಚುವ ಗ್ರಾಹಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಬಹಳ ಉಪಕಾರವಾಯಿತು, ದೊಡ್ಡವರು ನೀವು, ನಿಮ್ಮ ಬ್ಯಾಂಕು ಚೆನ್ನಾಗಿ ಬೆಳೆಯಲಿ ಎಂಬ ಮಾತುಗಳು ಹಣ ಕಳೆದುಕೊಂಡವನ ಬಾಯಿಂದ ಬಂದಾಗ ಅದರ ಅರ್ಥ ಬೇರೆ. ಎಲ್ಲಕ್ಕಿಂತ ನಂಬಬಹುದಾದ ಗುರುತು ಮಾತಿನ ಬಣ್ಣದಲ್ಲಿರದೆ ಅದರ ನಡೆಯಲ್ಲಿರುವುದನ್ನು ನಾನು ದಾಖಲೆಗಳಲ್ಲಿ ಮೇಲಿಂದ ಮೇಲೆ ಕಂಡೆ: ಒಂದೇ ಸಂಗತಿಯನ್ನು ಒಬ್ಬರು ಎರಡನೆಯ ಸಲ, ಮೊದಲಿಗಿಂತ ಚಿಕ್ಕದಾಗಿ ಬರೆದರೆ, ಬಾಟ್ ತಮ್ಮ ಮಾತನ್ನು ಕೇಳಲಿಲ್ಲವೆಂದು ಅವರು ಆಗಲೇ ತೀರ್ಮಾನಿಸಿದ್ದಾರೆ. ಆ ಮಗನ ಎರಡನೆಯ ಸಂದೇಶ ಅಂಥದೇ. ಅದು ಕಂಡೊಡನೆ ಬಾಟ್ ತಾನು ಕೇಳುತ್ತಿದ್ದ ಪ್ರಶ್ನೆಯನ್ನು ಬಿಟ್ಟು, ಹೇಳಿದ್ದನ್ನು ತಿರುಗಿ ಹೇಳಿ, ಮನುಷ್ಯನಿಗೆ ಒಪ್ಪಿಸುವ ದಾರಿಯನ್ನು ತೋರಿಸತಕ್ಕದ್ದೆಂದು ಕಲಿಸಿದೆವು. ಎರಡನೆಯ ಸಲವೂ ಮೊದಲ ಸಲದ ಸಮಾಧಾನದ ವಾಕ್ಯವನ್ನೇ ಹೇಳುವುದು ಎಲ್ಲಕ್ಕೂ ಕೆಟ್ಟದ್ದು. ಒಮ್ಮೆ ಆಡಿದ ಮೇಲೆ ಆ ವಾಕ್ಯದ ಕೆಲಸ ಮುಗಿಯಿತು, ಅಲ್ಲಿಂದ ಮುಂದೆ ಸಂಗತಿ ಮಾತ್ರ ನಡೆಯಬೇಕು.

ಸಮಾಧಾನ ಮೊದಲು, ಪರಿಹಾರ ಆಮೇಲೆ ಎಂಬ ಈ ಕ್ರಮವನ್ನು ಬಿಡಬೇಕಾದ ಒಂದು ಸಂದರ್ಭವುಂಟು. ಮೋಸಗಾರನೊಬ್ಬ ಹಣವನ್ನು ಈಗಷ್ಟೇ ಎಳೆದುಕೊಂಡಿದ್ದರೆ, ಆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿಹೋಗುವ ಮೊದಲು ತಡೆಯುವುದೇ ಮುಖ್ಯ. 1930ಕ್ಕೆ ಕರೆ ಮಾಡಿ ದೂರು ಕೊಟ್ಟರೆ ಅದು ಸಂಬಂಧಪಟ್ಟ ಬ್ಯಾಂಕುಗಳಿಗೆ ಹೋಗಿ, ಉಳಿದ ಹಣವನ್ನು ಅಲ್ಲಲ್ಲೇ ಹಿಡಿದಿಡುವ ಏರ್ಪಾಡಿದೆ. ಇಲ್ಲಿ ಎರಡು ಸಾಲು ಸಮಾಧಾನ ಓದುವ ಹೊತ್ತೂ ನಷ್ಟವೇ. ಆದುದರಿಂದ ಸಮಾಧಾನವನ್ನೂ ಕೆಲಸವನ್ನೂ ಒಂದೇ ವಾಕ್ಯದಲ್ಲಿ ಕಟ್ಟಿದೆವು: "ನಿಮ್ಮ ₹40,000 ಈಗಷ್ಟೇ ಮೋಸದಿಂದ ಹೋಗಿದೆ, ಅದನ್ನು ತಡೆಯಲು ಈ ಕ್ಷಣವೇ 1930ಕ್ಕೆ ಕರೆ ಮಾಡಿ, ಖಾತೆಯನ್ನು ನಿಲ್ಲಿಸುವ ಗುಂಡಿ ಇಲ್ಲಿದೆ." ಇಂಥ ಸಂದರ್ಭದಲ್ಲಿ, ಓಟಿಪಿ ಹೇಳಿಬಿಟ್ಟೆನೆಂದು ಅಳುತ್ತಿರುವವರಿಗೆ, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಎಂದು ಹೇಳುವ ಚಾಳಿ ಬಾಟ್‌ಗೆ ಬಹಳ ಬೇಗ ಹತ್ತುತ್ತದೆ. ಹೃದಯಕ್ಕೆ ಹಿತವಾದರೂ ಅದು ಆಡಬಾರದ ಮಾತು. 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲಿ, ಗ್ರಾಹಕನ ಅಜಾಗರೂಕತೆಯಿಂದಾದ ನಷ್ಟವನ್ನು ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕನೇ ಹೊರಬೇಕೆಂದಿದೆ. ತಪ್ಪು ಯಾರದೆಂಬ ತೀರ್ಪಿನ ಮೇಲೆ ಹಣದ ಹೊಣೆ ನಿಂತಿರುವಾಗ, ಆ ತೀರ್ಪನ್ನು ಸಾಂತ್ವನದ ಅಬ್ಬರದಲ್ಲಿ ಬಾಟ್ ಕೊಟ್ಟುಬಿಟ್ಟರೆ, ಮುಂದೆ ಅದು ಸುಳ್ಳಾದಾಗ ಆ ಬಡಪಾಯಿಗೆ ಎರಡನೆಯ ಮೋಸವಾದಂತೆಯೇ. ನಷ್ಟವನ್ನು ಒಪ್ಪಿಕೊಂಡು ಹೇಳಬಹುದು, ಭಯವನ್ನು ಒಪ್ಪಿಕೊಂಡು ಹೇಳಬಹುದು. ತಪ್ಪಿನ ವಿಷಯದಲ್ಲಿ ಅದು ಮೌನವಾಗಿರಬೇಕು.

ಉತ್ತರಗಳನ್ನು ತೂಗಿ ಒಳ್ಳೆಯದು ಕೆಟ್ಟದ್ದೆಂದು ಗುರುತಿಸುವವರನ್ನು ಕೂರಿಸುವ ರೀತಿಯ ಬಗ್ಗೆಯೂ ಎರಡು ಮಾತು ಅಗತ್ಯ. ತಂಪಾದ ಕಚೇರಿಯಲ್ಲಿ, ದೊಡ್ಡ ಪರದೆಯ ಮುಂದೆ, ಕಾಫಿ ಕುಡಿಯುತ್ತ ಎರಡು ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವವರು ಯಾವಾಗಲೂ ಉದ್ದವಾಗಿ ಮರುಗುವ ಉತ್ತರವನ್ನೇ ಮೆಚ್ಚುತ್ತಾರೆ. ಬಾಟ್ ಅವರ ಮೆಚ್ಚುಗೆಯನ್ನೇ ಕಲಿಯುವುದರಿಂದ ಮರುಕ ಮತ್ತೆ ಉದ್ದವಾಗುತ್ತ ಹೋಗುತ್ತದೆ. ನಾವು ಅವರ ಕೈಗೆ ಸಾಧಾರಣ ಫೋನನ್ನು ಕೊಟ್ಟು, ದೂರನ್ನು ಗಟ್ಟಿಯಾಗಿ ಓದಿಸಿ, ಉತ್ತರದಲ್ಲಿ ತಾವು ಮಾಡಬೇಕಾದ ಕೆಲಸ ಪರದೆಯನ್ನು ಸರಿಸದೆ ಕಾಣಿಸಿತೇ ಎಂದು ಮೊದಲು ಕೇಳಿದೆವು. ತೀರ್ಪು ಅಲ್ಲಿಂದ ಬದಲಾಯಿತು.

ಇನ್ನು ಆ ಹಸುರು ಗುರುತು. ಗ್ರಾಹಕನ ಮೌನವನ್ನು ಸಮ್ಮತಿಯೆಂದೂ ಸಮ್ಮತಿಯನ್ನು ಪರಿಹಾರವೆಂದೂ ಎಣಿಸಿದ ಆ ಲೆಕ್ಕಾಚಾರ ಇರುವವರೆಗೆ, ಮೇಲೆ ಹೇಳಿದ ಯಾವ ಕಲಿಕೆಯೂ ನಿಲ್ಲುತ್ತಿರಲಿಲ್ಲ. ಏಕೆಂದರೆ ಸಿಟ್ಟಿನಿಂದ ಎದ್ದುಹೋದವನು ಬಾಟ್‌ನ ಜಯವಾಗಿ ದಾಖಲಾಗುತ್ತಿದ್ದ, ಅದೇ ದಾಖಲೆ ಮುಂದಿನ ತರಬೇತಿಗೆ ಒಳ್ಳೆಯ ಮಾದರಿಯಾಗಿ ಹೋಗುತ್ತಿದ್ದಿತು. ಮೇಲಧಿಕಾರಿಗಳು ಅದನ್ನು ಬದಲಾಯಿಸುವುದಕ್ಕೆ ಕಡೆಯವರೆಗೂ ಒಪ್ಪಲಿಲ್ಲ. ಅದರಿಂದ ತಮ್ಮ ಹಿಂದಿನ ತಿಂಗಳುಗಳ ಅಂಕಿಅಂಶಗಳೆಲ್ಲ ಪ್ರಶ್ನೆಗೆ ಗುರಿಯಾಗುವುವೆಂಬುದೇ ಅವರ ಚಿಂತೆಯಾಗಿತ್ತೆಂದು ನಾನು ಈಗಲೂ ನಂಬಿದ್ದೇನೆ. ಅವರ ಮೇಲಿನವರ ಆದೇಶದಿಂದಲೇ ಅದು ಆಗಬೇಕಾಯಿತು. ಈಗ ಕಳವಳದ ಗುರುತುಳ್ಳ ಸಂಭಾಷಣೆ ನಡುವೆ ನಿಂತುಹೋದರೆ ಅದು 'ನಿಂತುಹೋಗಿದೆ' ಎಂಬ ಬೇರೆ ಸಾಲಿಗೆ ಸೇರುತ್ತದೆ, ತರಬೇತಿಗೆ ಹೋಗುವುದಿಲ್ಲ. ರಾತ್ರಿಯಾದರೆ, ಕಳೆದ ಕಾರ್ಡುಗಳನ್ನು ನಿಲ್ಲಿಸಲೆಂದು ಹೇಗೂ ಎಚ್ಚರವಾಗಿ ಕುಳಿತಿರುವ ಸಿಬ್ಬಂದಿಗೆ ಅದು ಹೋಗುತ್ತದೆ, ಅವರು ಗ್ರಾಹಕನಿಗೆ ತಾವೇ ಕರೆ ಮಾಡುತ್ತಾರೆ. ಕರೆ ಮಾಡುವವರಿಗೂ ಒಂದು ಚೀಟಿ ಬರೆದುಕೊಟ್ಟಿದ್ದೇನೆ: ನಮಸ್ಕಾರದ ನಂತರ ಬರತಕ್ಕ ಮೊದಲ ಮಾತು ಗ್ರಾಹಕನ ಮೊತ್ತ.